ಸಾಲದ ಬಡ್ಡಿಯಲ್ಲಿ ಶೇ 3 ಸರ್ಕಾರದಿಂದ: ಒಂದು ಮೆಣಸು ಘಟಕದ ಲೆಕ್ಕ ಇಟ್ಟುಕೊಂಡು ಕ್ಲೈಮ್ ಮಾಡುವ ದಾರಿ

ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಕಾಳುಮೆಣಸು ಒಣಗಿಸುವ, ಶುಚಿ ಮಾಡುವ ಸಣ್ಣ ಘಟಕಕ್ಕೆ ಸಾಲ ತೆಗೆದವರನ್ನು ಕೇಳಿ ನೋಡಿ. ಶೇ 3 ಬಡ್ಡಿ ಸರ್ಕಾರ ಕೊಡುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತು. ಬಂತಾ ಅಂತ ಕೇಳಿದರೆ, "ಬ್ಯಾಂಕಿನವರು ಹಾಕ್ತಾರಂತೆ" ಅನ್ನುತ್ತಾರೆ. ಎಷ್ಟು ಬರಬೇಕು, ಯಾವಾಗಿನಿಂದ ಬರಬೇಕು ಅಂದರೆ ಉತ್ತರ ಇರುವುದಿಲ್ಲ. ಈ ದುಡ್ಡು ತಪ್ಪಿಹೋಗುವುದು ಹೆಚ್ಚಾಗಿ ಇಲ್ಲಿಯೇ. ಅರ್ಹತೆ ಇರುತ್ತದೆ, ಸಾಲವೂ ಆಗಿರುತ್ತದೆ. ಆದರೆ ಸಾಲಕ್ಕೂ ಯೋಜನೆಗೂ ನಂಟು ಇದೆ ಅನ್ನುವುದಕ್ಕೆ ಕಾಗದ ಇರುವುದಿಲ್ಲ.

ನಾನು ಇಲ್ಲಿ ಹೇಳುತ್ತಿರುವುದು ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿಯ ಬಗ್ಗೆ. ಬ್ಯಾಂಕಿನಲ್ಲಿ ಎಲ್ಲರೂ ಎಐಎಫ್ ಅನ್ನುತ್ತಾರೆ. ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2020ರ ಜುಲೈ 8ರಂದು. ಸಾಲ ಕೊಡುವುದು ನಿಮ್ಮ ಬ್ಯಾಂಕೇ, ಸರ್ಕಾರ ಅಲ್ಲ. ಆ ಸಾಲದ ಮೊದಲ 2 ಕೋಟಿ ರೂಪಾಯಿವರೆಗೆ, ಗರಿಷ್ಠ 7 ವರ್ಷ, ವರ್ಷಕ್ಕೆ ಶೇ 3ರ ಬಡ್ಡಿಯನ್ನು ಸರ್ಕಾರ ತುಂಬಿಕೊಡುತ್ತದೆ. ಯೋಜನೆ ರೂಪಿಸುವಾಗ ಸಾಲ ವಿತರಣೆಗೆ ಇಟ್ಟ ಅವಧಿ 2025-26ರವರೆಗೆ, ಬಡ್ಡಿ ಸಹಾಯಧನ ಕೊಡುವ ಅವಧಿ 2032-33ರವರೆಗೆ. ಹಾಗಾಗಿ ಹೊಸದಾಗಿ ಸಾಲ ಮಾಡುವವರು ಮೊದಲ ದಿನವೇ agriinfra.dac.gov.in ತೆರೆದು, ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ನೋಡಿ. ಬ್ಯಾಂಕಿನಲ್ಲೂ ಕೇಳಿ. ಈಗಾಗಲೇ ಈ ಯೋಜನೆಯಲ್ಲಿ ಸಾಲ ತೆಗೆದವರಿಗೆ ಕ್ಲೈಮ್ ಕೆಲಸ ಇನ್ನೂ ವರ್ಷಗಟ್ಟಲೆ ಇದೆ. ಅವರು ನೇರವಾಗಿ ನಾಲ್ಕನೇ ಹೆಜ್ಜೆಯಿಂದ ಓದಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂಡಿಗೆರೆ ತಾಲೂಕಿನ ಒಬ್ಬ ಅಕ್ಕ, ಸುತ್ತಲಿನ ತೋಟದವರ ಮೆಣಸು ತಂದು ಬಿಡಿಸಿ, ಒಣಗಿಸಿ, ಗ್ರೇಡ್ ಮಾಡಿ ಕೊಡುವ ಘಟಕ ಹಾಕುತ್ತಾರೆ. ಜೊತೆಗೆ ಚೀಲ ಇಡಲು ಸಣ್ಣ ಗೋದಾಮು. ಒಟ್ಟು ಖರ್ಚು 40 ಲಕ್ಷ. ಕೈಯಿಂದ 10 ಲಕ್ಷ, ಬ್ಯಾಂಕ್ ಸಾಲ 30 ಲಕ್ಷ, ಬಡ್ಡಿ ಶೇ 9. ಈ ಅಕ್ಕನ ಫೈಲನ್ನೇ ಮುಂದೆ ನೋಡುತ್ತಾ ಹೋಗೋಣ.

ಮೊದಲ ಹೆಜ್ಜೆ: ನಿಮ್ಮ ಕೆಲಸ ಈ ಯೋಜನೆಗೆ ಸೇರುತ್ತದಾ?

ರೈತರಿಗೆ ಮಾತ್ರ ಅನ್ನುವ ತಪ್ಪು ಕಲ್ಪನೆ ಬಹಳ ಜನರಿಗಿದೆ. ಹಾಗಿಲ್ಲ. ಕೃಷಿ ಉದ್ಯಮಿ, ಸ್ಟಾರ್ಟಪ್, ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿ, ಸಹಕಾರ ಸಂಘ ಎಲ್ಲರಿಗೂ ಅವಕಾಶ ಇದೆ. ತೋಟ ಇಲ್ಲದ ಒಬ್ಬ ವ್ಯಾಪಾರಿ ಕೂಡ ಅರ್ಜಿ ಹಾಕಬಹುದು. ಇಲ್ಲಿ ನೋಡುವುದು ನೀವು ಯಾರು ಅನ್ನುವುದಕ್ಕಿಂತ ಏನು ಕಟ್ಟುತ್ತೀರಿ ಅನ್ನುವುದನ್ನು.

ಕೊಯ್ಲಿನ ನಂತರದ ಕೆಲಸಕ್ಕೆ ಬೇಕಾದ ಸೌಕರ್ಯ ಆಗಿರಬೇಕು. ಗೋದಾಮು, ಶೀತಲ ಗೃಹ, ಒಣಗಿಸುವ ಕಣ, ವಿಂಗಡಿಸುವ ಮತ್ತು ಗ್ರೇಡ್ ಮಾಡುವ ಘಟಕ, ಮೊದಲ ಹಂತದ ಸಂಸ್ಕರಣೆ ಇವೆಲ್ಲ ಸೇರುತ್ತವೆ. ಮೊದಲ ಹಂತ ಅಂದರೆ ಬೆಳೆಯ ಮೂಲ ರೂಪ ಹೆಚ್ಚು ಬದಲಾಗದೆ ಇಡಲು, ಮಾರಲು ತಯಾರಾಗುವ ಕೆಲಸ. ಮೆಣಸಿನ ಗೊಂಚಲಿನಿಂದ ಕಾಳು ಬಿಡಿಸುವುದು, ಒಣಗಿಸುವುದು, ಜೊಳ್ಳು ತೂರುವುದು, ಗಾತ್ರ ನೋಡಿ ಬೇರೆ ಮಾಡುವುದು ಇದಕ್ಕೆ ಸರಿಯಾಗಿ ಹೊಂದುತ್ತವೆ. ಹಾಸನದ ಆಲೂಗಡ್ಡೆಗೆ ಶೀತಲ ಗೃಹ ಕಟ್ಟುವವರಿಗೂ ಅನುಮಾನ ಬೇಡ.

ಕಷ್ಟ ಬರುವುದು ಎರಡನೇ ಹಂತದಲ್ಲಿ. ಮಸಾಲೆ ಪುಡಿ ಮಿಶ್ರಣ ಮಾಡಿ ಪ್ಯಾಕೆಟ್ ಮಾಡುವುದು, ಕಾಫಿ ಬೀಜ ಹುರಿದು ಪುಡಿ ಮಾಡುವುದು ಇಂಥವು. ಬರೀ ಎರಡನೇ ಹಂತದ ಘಟಕಕ್ಕೆ ಎಐಎಫ್ ಇಲ್ಲ. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ಒಂದು ಬದಲಾವಣೆ ಮಾಡಿತು. ಮೊದಲ ಹಂತ ಮತ್ತು ಎರಡನೇ ಹಂತ ಎರಡೂ ಒಂದೇ ಯೋಜನೆಯಲ್ಲಿ ಇದ್ದರೆ ಅದೂ ಸೇರುತ್ತದೆ. ಬರೀ ಎರಡನೇ ಹಂತ ಆದರೆ ಆಹಾರ ಸಂಸ್ಕರಣಾ ಸಚಿವಾಲಯದ ಯೋಜನೆಗಳಿಗೆ ಹೋಗಬೇಕು. ಹಾಗಾಗಿ ನಮ್ಮ ಅಕ್ಕ ಒಣಗಿಸುವ ಘಟಕದ ಜೊತೆಗೆ ಮೆಣಸಿನ ಪುಡಿ ಯಂತ್ರವನ್ನೂ ಇಟ್ಟರೆ ಒಂದೇ ಯೋಜನೆ ಎಂದು ತೋರಿಸಬಹುದು. ಚಿಕ್ಕಮಗಳೂರು ಪೇಟೆಯಲ್ಲಿ ಬೀಜ ಕೊಂಡು ತಂದು ಬರೀ ಕಾಫಿ ಪುಡಿ ಮಾಡುವ ಅಂಗಡಿಯವರು ಈ ದಾರಿ ಹಿಡಿದರೆ ಸಮಯ ಹಾಳು.

ಇನ್ನೊಂದು ಗೆರೆ. ಇದು ಕಟ್ಟಡ, ಯಂತ್ರಕ್ಕೆ ತೆಗೆಯುವ ಟರ್ಮ್ ಲೋನ್‌ಗೆ ಸಿಗುವ ಸಹಾಯ. ಮೆಣಸು ಖರೀದಿಗೆ ತೆಗೆದ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್, ಸಾಲದ ಬಡ್ಡಿಗೆ ಇದನ್ನು ಲೆಕ್ಕ ಹಾಕಿಕೊಳ್ಳಬೇಡಿ. ಎರಡೂ ಸಾಲ ಒಂದೇ ಬ್ಯಾಂಕಿನಲ್ಲಿ ಇದ್ದಾಗ ಈ ಗೊಂದಲ ಜಾಸ್ತಿ.

ಎರಡನೇ ಹೆಜ್ಜೆ: ಅರ್ಹತೆಯ ಕಾಗದ ಜೋಡಿಸುವುದು

ಪಟ್ಟಿ ಉದ್ದ ಇದೆ, ಆದರೆ ಅದು ಮೂರು ಪ್ರಶ್ನೆಗೆ ಉತ್ತರ ಅಷ್ಟೇ: ನೀವು ಯಾರು, ಜಾಗ ಯಾರದು, ಏನು ಕಟ್ಟುತ್ತೀರಿ.

ನೀವು ಯಾರು ಅನ್ನುವುದಕ್ಕೆ ಆಧಾರ್, ಪ್ಯಾನ್, ಉದ್ಯಮ್ ನೋಂದಣಿ ಪತ್ರ. ಉದ್ಯಮ್ ನೋಂದಣಿ udyamregistration.gov.in ನಲ್ಲಿ ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ಬೇರೆ ಜಾಲತಾಣಗಳಿಗೆ ಕಟ್ಟಬೇಡಿ. ನೋಂದಣಿ ಮಾಡುವಾಗ ಚಟುವಟಿಕೆ ಆರಿಸುವ ಜಾಗದಲ್ಲಿ ಬರೀ ವ್ಯಾಪಾರ ಎಂದು ಆರಿಸಿದರೆ ಮುಂದೆ ತೊಂದರೆ. ಬ್ಯಾಂಕಿನವರು ಆ ಪತ್ರ ನೋಡಿ, ಇವರು ಮೆಣಸು ವ್ಯಾಪಾರಿ, ಸಂಸ್ಕರಣೆ ಎಲ್ಲಿದೆ ಎಂದು ಕೇಳುತ್ತಾರೆ. ಪಾಲುದಾರಿಕೆ ಇದ್ದರೆ ಡೀಡ್, ಕಂಪನಿ ಆದರೆ ನೋಂದಣಿ ಪತ್ರ. ಜಿಎಸ್‌ಟಿ ಅನ್ವಯ ಆದರೆ ಅದರ ಪತ್ರ. ಹಳೆಯ ವ್ಯವಹಾರ ಇದ್ದರೆ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಮತ್ತು ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್.

ನಮ್ಮ ಕಡೆ ಫೈಲ್ ನಿಲ್ಲುವುದು ಜಾಗದ ಪ್ರಶ್ನೆಯಲ್ಲಿ. ಮಲೆನಾಡಿನಲ್ಲಿ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೋ, ತೀರಿಹೋದ ಅಜ್ಜನ ಹೆಸರಿನಲ್ಲೋ ಇರುವುದು ಸಾಮಾನ್ಯ. ನಮ್ಮ ಅಕ್ಕನ ಜಾಗವೂ ಅಪ್ಪನ ಹೆಸರಿನಲ್ಲಿದೆ ಎಂದುಕೊಳ್ಳಿ. ಅಪ್ಪ ಒಪ್ಪಿದ್ದಾರೆ ಅನ್ನುವ ಬಾಯಿಮಾತು ನಡೆಯುವುದಿಲ್ಲ. ಇಪ್ಪತ್ತು ರೂಪಾಯಿ ಛಾಪಾ ಕಾಗದದಲ್ಲಿ ಬರೆದ ಒಪ್ಪಿಗೆ ಪತ್ರವೂ ಸಾಲದು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಅಪ್ಪ ಇದ್ದರೆ ಅವರಿಂದ ನೋಂದಾಯಿತ ಗುತ್ತಿಗೆ ಬರೆಸಿಕೊಳ್ಳುವುದು ಸುಲಭ. ಗುತ್ತಿಗೆ ಅವಧಿ ಸಾಲದ ಅವಧಿಗಿಂತ ಕಡಿಮೆ ಇರಬಾರದು. 7 ವರ್ಷದ ಸಾಲಕ್ಕೆ 5 ವರ್ಷದ ಗುತ್ತಿಗೆ ತಂದರೆ ಬ್ಯಾಂಕ್ ವಾಪಸ್ ಕಳಿಸುತ್ತದೆ. ಹೆಸರು ಅಜ್ಜನದ್ದಾಗಿದ್ದು ಅವರು ತೀರಿಹೋಗಿದ್ದರೆ, ಮೊದಲು ಪೌತಿ ಖಾತೆ ಮಾಡಿಸಿ. ಅದಕ್ಕೆ ಸಮಯ ಹಿಡಿಯುತ್ತದೆ, ಅದು ಮುಗಿಯುವವರೆಗೆ ಯಂತ್ರಕ್ಕೆ ಮುಂಗಡ ಕೊಡಬೇಡಿ.

ಜಾಗ ಕೃಷಿ ಜಮೀನಾದರೆ, ಶೆಡ್ ಕಟ್ಟಲು ಭೂ ಪರಿವರ್ತನೆ ಬೇಕಾಗುತ್ತದಾ ಎಂದು ತಾಲೂಕು ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ. ಪರಿವರ್ತನೆ ಆದೇಶ ಕೊಡುವುದು ಜಿಲ್ಲಾಧಿಕಾರಿ, ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅಡಿಯಲ್ಲಿ. ಊರಿನೊಳಗಿನ ಪಂಚಾಯಿತಿ ಜಾಗ ಆದರೆ ಇ-ಸ್ವತ್ತು ದಾಖಲೆ ಬೇಕು. ಎರಡಕ್ಕೂ ಋಣಭಾರ ಪತ್ರ, ಅಂದರೆ ಇಸಿ, ಕೇಳಿಯೇ ಕೇಳುತ್ತಾರೆ.

ಏನು ಕಟ್ಟುತ್ತೀರಿ ಅನ್ನುವುದಕ್ಕೆ ಯೋಜನಾ ವರದಿ. ಬ್ಯಾಂಕಿನಲ್ಲಿ ಡಿಪಿಆರ್ ಅನ್ನುತ್ತಾರೆ. ಇದನ್ನು ಬರೆಸುವಾಗ ಎಚ್ಚರ ಇರಲಿ, ಯಾಕೆಂದರೆ ನಿಮ್ಮ ಅರ್ಹತೆ ನಿರ್ಧಾರ ಆಗುವುದು ಇದರ ಮಾತಿನ ಮೇಲೆ. "ಮಸಾಲೆ ಉದ್ಯಮ" ಎಂದು ಮೇಲೆ ದೊಡ್ಡದಾಗಿ ಬರೆದು ಒಳಗೆ ಡ್ರೈಯರ್ ಮತ್ತು ಗ್ರೇಡರ್ ತೋರಿಸಿದರೆ ಓದುವವರಿಗೆ ಗೊಂದಲ. "ಕಾಳುಮೆಣಸು ಬಿಡಿಸುವ, ಒಣಗಿಸುವ, ಶುಚಿಗೊಳಿಸುವ, ಗ್ರೇಡ್ ಮಾಡುವ ಘಟಕ ಮತ್ತು ಗೋದಾಮು" ಎಂದೇ ಬರೆಸಿ. ಯಾವ ಹಳ್ಳಿಗಳಿಂದ ಎಷ್ಟು ಮೆಣಸು ಬರುತ್ತದೆ, ದಿನಕ್ಕೆ ಎಷ್ಟು ಒಣಗಿಸಬಹುದು ಎಂದು ಹೇಳಿ. 100 ಕೆಜಿ ಹಸಿ ಕಾಳು ಒಣಗಿದರೆ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಬೇರೆ ಊರಿನ ಸಿದ್ಧ ವರದಿಯನ್ನು ನಕಲು ಮಾಡಿದವರ ಲೆಕ್ಕದಲ್ಲಿ ಹಸಿ ತೂಕ, ಒಣ ತೂಕ ಎರಡೂ ಒಂದೇ ಆಗಿರುತ್ತದೆ. ಮೆಣಸು ಗೊತ್ತಿರುವ ಮ್ಯಾನೇಜರ್ ಅದನ್ನು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಯಂತ್ರದ ಕೊಟೇಶನ್, ಶೆಡ್‌ನ ನಕ್ಷೆ, ಎಂಜಿನಿಯರ್ ಕೊಟ್ಟ ಅಂದಾಜು ವೆಚ್ಚ ಜೊತೆಗೆ ಇರಲಿ.

ಕೈಯಿಂದ ಹಾಕುವ ಪಾಲು ಕನಿಷ್ಠ ಶೇ 10. ಬೇರೆ ಯೋಜನೆಯಿಂದ ಬಂಡವಾಳ ಸಹಾಯಧನ ಬಂದರೂ ಈ ಶೇ 10 ನಿಮ್ಮದೇ ಇರಬೇಕು. ಬೇರೆ ಯೋಜನೆಯ ಬಂಡವಾಳ ಸಹಾಯಧನ ಮತ್ತು ಎಐಎಫ್ ಬಡ್ಡಿ ಸಹಾಯಧನ ಎರಡನ್ನೂ ಒಂದೇ ಘಟಕಕ್ಕೆ ಪಡೆಯಲು ಅವಕಾಶ ಇದೆ.

ಮೂರನೇ ಹೆಜ್ಜೆ: ದುಡ್ಡು ಬಿಡುಗಡೆಗೆ ಮೊದಲೇ ಪೋರ್ಟಲ್ ಅರ್ಜಿ

ಮೊದಲು ಸಾಲ ಆಗಲಿ, ಪೋರ್ಟಲ್ ಆಮೇಲೆ ನೋಡೋಣ ಎಂದು ಶಾಖೆಯಲ್ಲಿ ಹೇಳಿದರೆ ಒಪ್ಪಬೇಡಿ. ಅರ್ಜಿ ಪೋರ್ಟಲ್‌ನಲ್ಲಿ ಹೋಗಿ, ಅದೇ ಅರ್ಜಿಗೆ ಸಾಲ ಮಂಜೂರು ಆದರೆ ಮುಂದಿನ ಎಲ್ಲಾ ಕೆಲಸ ನೇರ. ಸಾಮಾನ್ಯ ಟರ್ಮ್ ಲೋನ್ ಆಗಿ ದುಡ್ಡು ಬಿಡುಗಡೆ ಆದ ಮೇಲೆ ಅದನ್ನು ಎಐಎಫ್‌ಗೆ ತರುವುದು ತಲೆನೋವಿನ ಕೆಲಸ.

ಪೋರ್ಟಲ್‌ನಲ್ಲಿ ಫಲಾನುಭವಿಯಾಗಿ ನೋಂದಣಿ ಮಾಡಲು ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಹಾಕಿ. ಆಮೇಲೆ ಘಟಕ ಇರುವ ಜಿಲ್ಲೆ, ತಾಲೂಕು, ಹಳ್ಳಿ, ಯೋಜನೆಯ ವೆಚ್ಚ, ಬೇಕಾದ ಸಾಲ, ಬ್ಯಾಂಕ್ ಮತ್ತು ಶಾಖೆ ತುಂಬಿ, ಡಿಪಿಆರ್ ಏರಿಸಬೇಕು. ಹಳ್ಳಿ ಆರಿಸುವಾಗ ನೀವು ವಾಸ ಇರುವ ಹಳ್ಳಿ ಅಲ್ಲ, ಘಟಕ ಬರುವ ಹಳ್ಳಿ. ಮನೆ ಒಂದು ಕಡೆ, ತೋಟ ಇನ್ನೊಂದು ಗ್ರಾಮದ ಸರ್ವೆ ನಂಬರಿನಲ್ಲಿ ಇರುವವರು ಇಲ್ಲಿ ಗಮನ ಕೊಡಬೇಕು. ಪಹಣಿಯಲ್ಲಿರುವ ಗ್ರಾಮದ ಹೆಸರು, ಅರ್ಜಿಯಲ್ಲಿರುವ ಗ್ರಾಮದ ಹೆಸರು ಒಂದೇ ಇರಲಿ.

ಅರ್ಜಿ ಸಲ್ಲಿಸಿದ ಮೇಲೆ ಯೋಜನೆ ಅರ್ಹವೇ ಎಂದು ಮೊದಲು ಪರಿಶೀಲನೆ ಆಗಿ, ಆಮೇಲೆ ನೀವು ಆರಿಸಿದ ಬ್ಯಾಂಕಿಗೆ ಹೋಗುತ್ತದೆ. ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆ ಪುಟದ ಮುದ್ರಿತ ಪ್ರತಿ ಫೈಲಿನಲ್ಲಿ ಇರಲಿ.

ನಾಲ್ಕನೇ ಹೆಜ್ಜೆ: ಮಂಜೂರಾತಿ ಪತ್ರ ಓದುವುದು

ಸ್ಯಾಂಕ್ಷನ್ ಲೆಟರ್ ಕೈಗೆ ಬಂದ ಖುಷಿಯಲ್ಲಿ ಸಹಿ ಹಾಕಿ ಎದ್ದುಬರುವವರೇ ಜಾಸ್ತಿ. ಹತ್ತು ನಿಮಿಷ ಕೂತು ಓದಿ. ಅದರಲ್ಲಿ ಕೃಷಿ ಮೂಲಸೌಕರ್ಯ ನಿಧಿ ಅಥವಾ ಎಐಎಫ್ ಎಂಬ ಹೆಸರು ಇದೆಯಾ? ಸಾಲದ ವಿಧ ಟರ್ಮ್ ಲೋನ್ ಎಂದಿದೆಯಾ? ಬಡ್ಡಿ ಸಹಾಯಧನ ಬಂದಾಗ ಯಾವ ಖಾತೆಗೆ ಹಾಕುತ್ತಾರೆ ಎಂದು ಬರೆದಿದೆಯಾ? ಯೋಜನೆಯ ಹೆಸರೇ ಇಲ್ಲದಿದ್ದರೆ ಸಹಿಗೆ ಮೊದಲು ತಿದ್ದಿಸಿ. ಈಗಾಗಲೇ ಸಹಿ ಆಗಿದ್ದರೆ, ಪೋರ್ಟಲ್ ಅರ್ಜಿ ಸಂಖ್ಯೆ ಬರೆದು ತಿದ್ದುಪಡಿ ಪತ್ರ ಕೇಳಿ.

ಅದೇ ಪತ್ರದಲ್ಲಿ ಸಾಲ ಖಾತರಿ ಶುಲ್ಕದ ಬಗ್ಗೆಯೂ ನೋಡಿ. 2 ಕೋಟಿವರೆಗಿನ ಅರ್ಹ ಸಾಲಕ್ಕೆ ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ಟ್ರಸ್ಟ್‌ನ ಖಾತರಿ ಸಿಗುತ್ತದೆ, ಅದರ ಶುಲ್ಕವನ್ನು ಈ ಯೋಜನೆಯಲ್ಲಿ ಸರ್ಕಾರವೇ ಭರಿಸುತ್ತದೆ. ವರ್ಷಕ್ಕೊಮ್ಮೆ ನಿಮ್ಮ ಖಾತೆಯಿಂದ ಗ್ಯಾರಂಟಿ ಶುಲ್ಕ ಎಂದು ಹಣ ಕಡಿತ ಆಗುತ್ತಿದ್ದರೆ, ನಿಮ್ಮ ಸಾಲ ಎಐಎಫ್ ಎಂದು ಬ್ಯಾಂಕಿನ ದಾಖಲೆಯಲ್ಲಿ ಸೇರಿಲ್ಲ ಅನ್ನುವುದಕ್ಕೆ ಅದೊಂದು ಸುಳಿವು.

ದುಡ್ಡು ಬಿಡುಗಡೆ ಆದ ಕೆಲವು ದಿನಕ್ಕೆ ಪೋರ್ಟಲ್ ತೆರೆದು ನಿಮ್ಮ ಅರ್ಜಿಯ ಸ್ಥಿತಿ ನೋಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬಹಳಷ್ಟು ಕ್ಲೈಮ್‌ಗಳು ಇಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಮಂಜೂರು ಆಗಿದೆ ಎಂದು ತೋರಿಸುವುದು ಬೇರೆ, ಹಣ ವಿತರಣೆ ಆಗಿದೆ ಎಂದು ತೋರಿಸುವುದು ಬೇರೆ. ವಿತರಣೆಯ ದಿನಾಂಕ, ಮೊತ್ತ, ಸಾಲದ ಖಾತೆ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ತುಂಬಬೇಕಾದ್ದು ಬ್ಯಾಂಕ್. ಶಾಖೆಯಲ್ಲಿ ಅದನ್ನು ತುಂಬದೇ ಇದ್ದರೆ ಸರ್ಕಾರದ ಕಣ್ಣಿಗೆ ನಿಮ್ಮ ಸಾಲ ಇನ್ನೂ ಹುಟ್ಟಿಯೇ ಇಲ್ಲ. ಮ್ಯಾನೇಜರ್ ವರ್ಗ ಆಗಿ ಹೊಸಬರು ಬಂದಾಗ ಇದು ಮರೆತುಹೋಗುವುದು ಸಹಜ. ನೀವು ನೆನಪಿಸಬೇಕು.

ಐದನೇ ಹೆಜ್ಜೆ: ಎಷ್ಟು ಬರಬೇಕು ಎಂದು ನೀವೇ ಲೆಕ್ಕ ಹಾಕಿ

ಲೆಕ್ಕ ಸುಲಭ. ಬಾಕಿ ಇರುವ ಸಾಲದ ಮೇಲೆ, ಅದು ಬಾಕಿ ಇದ್ದಷ್ಟು ದಿನಕ್ಕೆ, ವರ್ಷಕ್ಕೆ ಶೇ 3.

```
ಬಾಕಿ ಸಾಲ × 3 × ದಿನ ÷ 36500
```

ಮೂಡಿಗೆರೆ ಅಕ್ಕನ ಸಾಲ ಎರಡು ಕಂತಿನಲ್ಲಿ ಬಿಡುಗಡೆ ಆಯಿತು ಎಂದುಕೊಳ್ಳಿ. ಶೆಡ್‌ಗೆ ಜುಲೈ 1ರಂದು 18 ಲಕ್ಷ, ಯಂತ್ರಕ್ಕೆ ಅಕ್ಟೋಬರ್ 1ರಂದು 12 ಲಕ್ಷ. ಮೊದಲ ವರ್ಷ ಅಸಲು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ತಿಂಗಳಿಗೆ ಕಟ್ಟುತ್ತಾರೆ. ಮಾರ್ಚ್ 31ಕ್ಕೆ ಎಷ್ಟು ಬರಬೇಕು?

ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ 92 ದಿನ, ಬಾಕಿ 18 ಲಕ್ಷ. ಸಹಾಯಧನ 13,611 ರೂಪಾಯಿ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ದಿನ, ಬಾಕಿ 30 ಲಕ್ಷ. ಸಹಾಯಧನ 44,877 ರೂಪಾಯಿ. ಒಟ್ಟು 58,488. ಇದೇ ಅವಧಿಗೆ ಅಕ್ಕ ಶೇ 9ರಂತೆ ಬ್ಯಾಂಕಿಗೆ ಕಟ್ಟಿದ ಬಡ್ಡಿ ಸುಮಾರು 1,75,463 ರೂಪಾಯಿ. ಅದರಲ್ಲಿ ಮೂರನೇ ಒಂದು ಪಾಲು ವಾಪಸ್ ಬರಬೇಕು.

ಇಲ್ಲಿ ಕೆಲವರು 30 ಲಕ್ಷಕ್ಕೆ ಶೇ 3 ಅಂದರೆ 90 ಸಾವಿರ, ಬ್ಯಾಂಕ್ ಕಡಿಮೆ ಕೊಟ್ಟಿದೆ ಎಂದು ಜಗಳಕ್ಕೆ ಹೋಗುತ್ತಾರೆ. ಹಣ ಕಂತಿನಲ್ಲಿ ಬಂದಿದ್ದರೆ ಲೆಕ್ಕವೂ ಕಂತಿನಲ್ಲೇ. ಎರಡನೇ ವರ್ಷದಿಂದ ಅಸಲು ಕಡಿಮೆ ಆಗುತ್ತಾ ಹೋದ ಹಾಗೆ ಸಹಾಯಧನವೂ ಇಳಿಯುತ್ತದೆ. ಈ ಅಕ್ಕ ಮೊದಲ ವರ್ಷ ಬಿಟ್ಟು, ಉಳಿದ 6 ವರ್ಷ ಅಸಲನ್ನು ತಿಂಗಳಿಗೆ ಸಮನಾಗಿ ಕಟ್ಟಿದರೆ 7 ವರ್ಷಕ್ಕೆ ಒಟ್ಟು ಸುಮಾರು ಮೂರೂವರೆ ಲಕ್ಷ ರೂಪಾಯಿ ಬರುತ್ತದೆ. ಸಾಲ 9 ವರ್ಷಕ್ಕೆ ಎಳೆದಿದ್ದರೂ ಕೊನೆಯ 2 ವರ್ಷಕ್ಕೆ ಸಹಾಯಧನ ಇಲ್ಲ.

ಈ ಲೆಕ್ಕ ಹಾಕಲು ಸಾಲದ ಖಾತೆಯ ಸ್ಟೇಟ್‌ಮೆಂಟ್ ಬೇಕು. ಆರು ತಿಂಗಳಿಗೊಮ್ಮೆ ತೆಗೆಸಿ ಇಡಿ.

ಆರನೇ ಹೆಜ್ಜೆ: ಕ್ಲೈಮ್ ಮಾಡುವುದು ಬ್ಯಾಂಕ್, ಮಾಡಿಸುವುದು ನೀವು

ನೀವು ಸರ್ಕಾರಕ್ಕೆ ನೇರವಾಗಿ ಬಿಲ್ ಕಳಿಸುವ ವ್ಯವಸ್ಥೆ ಇಲ್ಲಿಲ್ಲ. ನಿಮ್ಮ ಸಾಲದ ವಿವರ ಕೊಟ್ಟು ಬ್ಯಾಂಕ್ ಕ್ಲೈಮ್ ಸಲ್ಲಿಸುತ್ತದೆ. ಹಣ ಬ್ಯಾಂಕಿಗೆ ಬಂದು, ಬ್ಯಾಂಕ್ ಅದನ್ನು ನಿಮ್ಮ ಖಾತೆಗೆ ಜಮಾ ಮಾಡುತ್ತದೆ. ಮೊದಲು ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೃಷಿ ಇಲಾಖೆ ಮತ್ತು ನಬಾರ್ಡ್ ಸೇರಿ ಬ್ಯಾಂಕ್‌ಗಳ ಕ್ಲೈಮ್‌ಗೆಂದೇ ಬೇರೆ ಪೋರ್ಟಲ್ ತಂದಿವೆ. ಅಲ್ಲಿ ಲೆಕ್ಕವನ್ನು ಯಂತ್ರವೇ ತಾಳೆ ನೋಡುತ್ತದೆ. ಹಾಗಾಗಿ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೂ, ವಿತರಣೆ ದಿನಾಂಕ ಬೇರೆ ಇದ್ದರೂ ತಿದ್ದುವ ತನಕ ಅದು ಮುಂದೆ ಹೋಗುವುದು ಕಷ್ಟ.

ಹಣ ಬರುವವರೆಗೆ ಪೂರ್ತಿ ಬಡ್ಡಿ ನೀವು ಕಟ್ಟುತ್ತಿರಬೇಕು. ಶೇ 3 ಬರುತ್ತದಲ್ಲ, ಅಷ್ಟು ಕಡಿಮೆ ಕಟ್ಟೋಣ ಎಂದು ಯಾರೂ ಮಾಡಬೇಡಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಸುಸ್ತಿ ಸಾಲ, ಆಗುತ್ತದೆ, ಎನ್‌ಪಿಎ ಆದ ಅವಧಿಗೆ ಸಹಾಯಧನ ಇಲ್ಲ. ಮೆಣಸು ಕೈಗೆ ಬರುವುದು ವರ್ಷಕ್ಕೊಮ್ಮೆ, ಬಡ್ಡಿ ಕಟ್ಟುವುದು ತಿಂಗಳಿಗೊಮ್ಮೆ. ಮಳೆಗಾಲದ ತಿಂಗಳುಗಳಿಗೆ ಬೇಕಾಗುವ ಬಡ್ಡಿಯ ದುಡ್ಡನ್ನು ಕೊಯ್ಲಿನ ಸಮಯದಲ್ಲೇ ಬೇರೆ ಇಡುವುದು ಒಳ್ಳೆಯದು.

ವರ್ಷ ಮುಗಿದ ಮೇಲೂ ಜಮಾ ಕಾಣದಿದ್ದರೆ, ಬಾಯಲ್ಲಿ ಕೇಳುವುದನ್ನು ನಿಲ್ಲಿಸಿ ಪತ್ರ ಕೊಡಿ. ಹೀಗೆ ಬರೆಯಬಹುದು:

"ಮಾನ್ಯ ವ್ಯವಸ್ಥಾಪಕರೇ, ನನ್ನ ಟರ್ಮ್ ಲೋನ್ ಖಾತೆ (ಸಂಖ್ಯೆ ಬರೆಯಿರಿ) ಕೃಷಿ ಮೂಲಸೌಕರ್ಯ ನಿಧಿ ಅಡಿಯಲ್ಲಿ ಮಂಜೂರಾಗಿದೆ. ಪೋರ್ಟಲ್ ಅರ್ಜಿ ಸಂಖ್ಯೆ ಇದು (ಬರೆಯಿರಿ). ಜುಲೈ 1ರಿಂದ ಮಾರ್ಚ್ 31ರವರೆಗಿನ ಬಡ್ಡಿ ಸಹಾಯಧನ ನನ್ನ ಖಾತೆಗೆ ಜಮಾ ಆಗಿಲ್ಲ. ನನ್ನ ಲೆಕ್ಕದ ಪ್ರಕಾರ ಅದು 58,488 ರೂಪಾಯಿ, ಲೆಕ್ಕದ ಹಾಳೆ ಲಗತ್ತಿಸಿದ್ದೇನೆ. ವಿತರಣೆಯ ವಿವರ ಪೋರ್ಟಲ್‌ನಲ್ಲಿ ಯಾವ ದಿನಾಂಕದಂದು ನಮೂದಾಗಿದೆ, ಈ ಅವಧಿಯ ಕ್ಲೈಮ್ ಯಾವಾಗ ಸಲ್ಲಿಕೆಯಾಗಿದೆ, ಅದು ತಿರಸ್ಕಾರ ಆಗಿದ್ದರೆ ಕಾರಣವೇನು ಎಂಬುದನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ."

ಲಗತ್ತು ಮೂರೇ ಸಾಕು: ಮಂಜೂರಾತಿ ಪತ್ರ, ಪೋರ್ಟಲ್ ಪುಟದ ಪ್ರತಿ, ಖಾತೆ ಸ್ಟೇಟ್‌ಮೆಂಟ್. ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಈ ಪತ್ರದಲ್ಲಿ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿದ್ದಕ್ಕೆ ಕಾರಣ ಇದೆ. ಬರೀ "ಸಹಾಯಧನ ಬಂದಿಲ್ಲ" ಎಂದು ಬರೆದರೆ "ಸರ್ಕಾರದಿಂದ ಬಂದಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಹೀಗೆ ಕೇಳಿದರೆ ಎಲ್ಲಿ ನಿಂತಿದೆ ಎಂದು ಹೇಳಲೇಬೇಕು. ವಿತರಣೆ ನಮೂದಾಗಿಲ್ಲದಿದ್ದರೆ ಕೆಲಸ ಶಾಖೆಯದು. ನಮೂದಾಗಿ ಕ್ಲೈಮ್ ಹೋಗಿಲ್ಲದಿದ್ದರೆ ವಲಯ ಅಥವಾ ಪ್ರಧಾನ ಕಚೇರಿಯದು. ಕ್ಲೈಮ್ ತಿರಸ್ಕಾರ ಆಗಿದ್ದರೆ ಯಾವ ವಿವರ ತಾಳೆಯಾಗಲಿಲ್ಲ ಅನ್ನುವುದು ಗೊತ್ತಾಗುತ್ತದೆ.

ಕೆಲವೊಮ್ಮೆ ಹಣ ಬಂದಿರುತ್ತದೆ, ನಮಗೆ ಗೊತ್ತಾಗಿರುವುದಿಲ್ಲ. ಸಾಲದ ಖಾತೆಗೇ ಜಮಾ ಆದರೆ ಉಳಿತಾಯ ಖಾತೆಯ ಮೆಸೇಜ್ ನೋಡುತ್ತಾ ಕೂತವರಿಗೆ ಅದು ಕಾಣುವುದಿಲ್ಲ. ಪತ್ರ ಕೊಡುವ ಮೊದಲು ಸಾಲದ ಸ್ಟೇಟ್‌ಮೆಂಟ್‌ನಲ್ಲಿ ನೀವು ಕಟ್ಟದ ಯಾವುದಾದರೂ ಜಮಾ ಇದೆಯಾ ಎಂದು ಒಮ್ಮೆ ಬೆರಳಿಟ್ಟು ನೋಡಿ. ಬಂದ ಮೊತ್ತವನ್ನು ನಿಮ್ಮ ಸಿಎಗೂ ತಿಳಿಸಿ, ಲೆಕ್ಕಪತ್ರದಲ್ಲಿ ತೋರಿಸಬೇಕು.

ಉತ್ತರ ಬರದಿದ್ದರೆ

ಜಿಲ್ಲೆಯಲ್ಲಿ ಇಬ್ಬರ ಹತ್ತಿರ ಹೋಗಬಹುದು. ಒಬ್ಬರು ಲೀಡ್ ಬ್ಯಾಂಕ್ ಮ್ಯಾನೇಜರ್, ಇನ್ನೊಬ್ಬರು ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರು. ಈ ಯೋಜನೆಯ ಜಿಲ್ಲಾ ಮಟ್ಟದ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು, ಅಲ್ಲಿಗೂ ಅರ್ಜಿ ಕೊಡಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲು ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗುವುದು ಒಳ್ಳೆಯದು. ಶಾಖೆಯವರಿಗೆ ಫೋನ್ ಮಾಡಿ ಪೋರ್ಟಲ್ ನಮೂದು ಮಾಡಿಸುವುದು ಅವರಿಗೆ ಸುಲಭ, ಹೆಚ್ಚಿನ ಪ್ರಕರಣಗಳಲ್ಲಿ ಬೇಕಾದ್ದೂ ಅಷ್ಟೇ.

ಅದೂ ಆಗದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ವಾಣಿಜ್ಯ ಬ್ಯಾಂಕ್ ಮತ್ತು ಗ್ರಾಮೀಣ ಬ್ಯಾಂಕ್‌ನ ಗ್ರಾಹಕರು ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಪುಕ್ಕಟೆಯಾಗಿ ದೂರು ಹಾಕಬಹುದು. ಸೀಲು ಹಾಕಿಸಿದ ಪತ್ರದ ಪ್ರತಿ ಇಲ್ಲಿ ಬೇಕಾಗುತ್ತದೆ. ಬ್ಯಾಂಕ್ ಸರಿಯಾಗಿ ಕ್ಲೈಮ್ ಕಳಿಸಿದ್ದು, ಹಣ ಸರ್ಕಾರದ ಕಡೆಯಿಂದಲೇ ಬಾಕಿ ಇದ್ದರೆ ಒಂಬುಡ್ಸ್‌ಮನ್‌ನಿಂದ ಪ್ರಯೋಜನ ಇಲ್ಲ. ಆಗ pgportal.gov.in ನಲ್ಲಿ ಕೇಂದ್ರ ಕೃಷಿ ಇಲಾಖೆಗೆ ದೂರು ಕೊಡಬೇಕು.

ಸಾಲವನ್ನು ಅವಧಿಗೆ ಮೊದಲೇ ತೀರಿಸುವವರಿಗೆ ಒಂದು ಮಾತು. ತೀರಿಸಿದ ದಿನದವರೆಗಿನ ಸಹಾಯಧನ ನಿಮಗೆ ಸಲ್ಲಬೇಕು, ಆದರೆ ಅದು ಬರುವಷ್ಟರಲ್ಲಿ ಸಾಲದ ಖಾತೆ ಮುಚ್ಚಿಹೋಗಿರುತ್ತದೆ. ಎನ್‌ಒಸಿ ತೆಗೆದುಕೊಳ್ಳುವ ದಿನವೇ, ಯಾವ ಅವಧಿಯ ಕ್ಲೈಮ್ ಬಾಕಿ ಇದೆ ಎಂದು ಬರೆಸಿಕೊಂಡು, ಆ ಹಣ ಹಾಕಲು ನಿಮ್ಮ ಉಳಿತಾಯ ಖಾತೆಯ ಸಂಖ್ಯೆಯನ್ನು ಪತ್ರದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ.